ಜಪಾನ್‌ನಲ್ಲಿ ಭಾನುವಾರದ ಶಿಫ್ಟ್: ಓಟಿ, ನೈಟ್, ರಜೆ ಮೂರೂ ಸೇರಿದ್ರೆ ಎಷ್ಟು?

«ಟೋಕಿಯೋದಲ್ಲಿದ್ದೀನಿ, ಗಂಟೆಗೆ 2000 ಯೆನ್. ಭಾನುವಾರ ಮಧ್ಯಾಹ್ನ 1ರಿಂದ ರಾತ್ರಿ 12ರವರೆಗೆ ಕೆಲಸ, ಮಧ್ಯೆ 1 ಗಂಟೆ ಬ್ರೇಕ್. ಓಟಿ 25, ನೈಟ್ 25, ರಜೆ 35, ಒಟ್ಟು 85% ಜಾಸ್ತಿ ಬರ್ಬೇಕಲ್ವಾ? ಯಾವುದು ಮೊದಲು ಹಾಕ್ತಾರೆ?»

ಓಟಿನೂ ರಜೆನೂ ಕೂಡಿಸಿದ್ದೀರ, ಅಲ್ಲೇ ಲೆಕ್ಕ ತಪ್ಪಿರೋದು. ವಾರಕ್ಕೊಂದು ಕಾನೂನುಬದ್ಧ ರಜೆ ಇರುತ್ತಲ್ಲ, ಆ ದಿನ ಓಟಿ ಅನ್ನೋದೇ ಇಲ್ಲ, 8 ಗಂಟೆ ದಾಟಿದ್ರೂ 35% ಅಷ್ಟೇ. ನೈಟ್ ಮಾತ್ರ ಅದರ ಮೇಲೆ ಕೂಡುತ್ತೆ, ರಾತ್ರಿ 10ರಿಂದ ಬೆಳಗ್ಗೆ 5ರವರೆಗೆ. ಎಲ್ಲಾ ಪರ್ಸೆಂಟೂ ಮೂಲ ದರದ ಮೇಲೇ ಹಾಕೋದು, ಒಂದರ ಮೇಲೊಂದು ಗುಣಿಸಲ್ಲ, ಹಾಗಾಗಿ ಯಾವುದು ಮೊದಲು ಅನ್ನೋ ಪ್ರಶ್ನೆನೇ ಬರಲ್ಲ.

ಮೊದಲು ಕಂಪನಿಯ ಶೂಗ್ಯೋ ಕಿಸೋಕು, ಅಂದ್ರೆ ಕೆಲಸದ ನಿಯಮಾವಳಿ, ಅದನ್ನ ತೆಗೆದು ಕಾನೂನುಬದ್ಧ ರಜೆ ಯಾವ ದಿನ ಅಂತ ನೋಡಿ. ಭಾನುವಾರನೇ ಆಗಿರ್ಬೇಕು ಅಂತೇನಿಲ್ಲ, ಕ್ಯಾಲೆಂಡರ್‌ನ ಕೆಂಪು ದಿನಗಳೂ ತಾನಾಗೇ ಆಗಲ್ಲ.

ಭಾನುವಾರನೇ ಅಂತಿದ್ರೆ, 10ರವರೆಗಿನ 8 ಗಂಟೆಗೆ 2700ರಂತೆ 21,600, ಕೊನೆಯ 2 ಗಂಟೆಗೆ 60% ಸೇರಿಸಿ 3200ರಂತೆ 6400, ಒಟ್ಟು 28,000 ಯೆನ್.

ಶನಿವಾರ ಅಂತಿದ್ದು, ಭಾನುವಾರಕ್ಕೆ ಮುಂಚೆನೇ... ಅಲ್ಲಲ್ಲ, ಭಾನುವಾರ ಬಿಟ್ಟು ಆ ವಾರದ 40 ಗಂಟೆ ಮುಗಿದಿದ್ರೆ ಇದು ಮಾಮೂಲಿ ಓಟಿ: 8 ಗಂಟೆಗೆ 2500, ಕೊನೆಯ 2ಕ್ಕೆ 3000, ಒಟ್ಟು 26,000. ತಿಂಗಳ ಓಟಿ 60 ಗಂಟೆ ದಾಟಿದ್ರೆ ಆಮೇಲಿನ ಗಂಟೆಗಳಿಗೆ 25ರ ಬದಲು 50.

ಇದೆಲ್ಲ ಕಾನೂನು ಹೇಳೋ ಕನಿಷ್ಠ, ಕಂಪನಿ ಜಾಸ್ತಿ ಕೊಡಬಹುದು, ನಿಮ್ಮದರಲ್ಲಿ ಹೇಗೋ ನಂಗೆ ಗೊತ್ತಿಲ್ಲ. ಸ್ಲಿಪ್‌ನಲ್ಲಿ ನೈಟ್‌ಗೆ ಬೇರೆ ಸಾಲಲ್ಲಿ ಬರೀ 25% ಇದ್ರೆ ಗಾಬರಿ ಬೇಡ, ಉಳಿದ 135% ರಜೆ ಸಾಲಲ್ಲಿರುತ್ತೆ, ಎರಡೂ ಕೂಡಿಸಿ ನೋಡಿ.