ಮಾಸ್ಫೆಟ್ ಸ್ಯಾಚುರೇಶನ್‌ನಲ್ಲಿದೆಯೇ ಎಂದು ತಿಳಿಯುವ ಮೊದಲೇ ಡ್ರೈನ್ ಕರೆಂಟ್ ಲೆಕ್ಕ ಹಾಕುವುದು ಹೇಗೆ?

ಸ್ಯಾಚುರೇಶನ್ ಎಂದೇ ಊಹಿಸಿ ಕರೆಂಟ್ ಕಂಡುಹಿಡಿದು, ಕೊನೆಯಲ್ಲಿ ಊಹೆಯನ್ನು ಪರೀಕ್ಷಿಸಬೇಕು. ಆ ಸ್ಥಿತಿಯಲ್ಲಿ ಕರೆಂಟ್ ಬಹುಮಟ್ಟಿಗೆ ಗೇಟ್-ಸೋರ್ಸ್ ವೋಲ್ಟೇಜನ್ನಷ್ಟೇ ಅವಲಂಬಿಸುವುದರಿಂದ, ಗೇಟ್ ಕಡೆಯ ಲೂಪ್ ಒಂದೇ ಸಾಕಾಗುತ್ತದೆ.

ಎನ್-ಚಾನೆಲ್ ಮಾಸ್ಫೆಟ್ ಒಂದರಲ್ಲಿ ಸಪ್ಲೈ 10 V, ಗೇಟ್ 5 V, ಥ್ರೆಶೋಲ್ಡ್ ವೋಲ್ಟೇಜ್ 1 V, ಸೋರ್ಸ್ ರೆಸಿಸ್ಟರ್ 3 kΩ, ಡ್ರೈನ್ ರೆಸಿಸ್ಟರ್ 4 kΩ ಇರಲಿ. ಥ್ರೆಶೋಲ್ಡ್‌ಗಿಂತ ಮೇಲಿನ ಗೇಟ್-ಸೋರ್ಸ್ ವೋಲ್ಟೇಜನ್ನು v ಎಂದೂ, ಕರೆಂಟನ್ನು ಮಿಲಿಆಂಪಿಯರ್‌ಗಳಲ್ಲಿ v² ಎಂದೂ ಇಟ್ಟುಕೊಂಡರೆ, ಲೂಪ್ ಸಮೀಕರಣ ಹೀಗಾಗುತ್ತದೆ:

```
5 = (1 + v) + 3v²
```

ಇದರ ಮೂಲಗಳು 1 ಮತ್ತು −4/3. ಋಣಮೂಲ ಎಂದರೆ ಮಾಸ್ಫೆಟ್ ಆಫ್ ಆಗಿದೆ ಎಂದರ್ಥ. ಆಗ ಆ ಸೂತ್ರವೇ ಅನ್ವಯಿಸದು, ಆದ್ದರಿಂದ ಅದನ್ನು ಬಿಡಬೇಕು. ಉಳಿದದ್ದು 1 mA.

ಈಗ ಪರೀಕ್ಷೆ: ಡ್ರೈನ್ 6 V, ಸೋರ್ಸ್ 3 V, ಅಂತರ 3 V, ಇದು v-ಗಿಂತ ಹೆಚ್ಚಿರುವುದರಿಂದ ಊಹೆ ಸರಿ. ಡ್ರೈನ್ ರೆಸಿಸ್ಟರ್ 7 kΩ ಆಗಿದ್ದರೆ ಅಂತರ ಶೂನ್ಯವಾಗಿ ಊಹೆ ಬೀಳುತ್ತಿತ್ತು. ಆಗ ಟ್ರಯೋಡ್ ಸೂತ್ರದೊಂದಿಗೆ ಎರಡೂ ಲೂಪ್‌ಗಳನ್ನು ಒಟ್ಟಿಗೆ ಬಿಡಿಸಬೇಕು.