ಸುಣ್ಣ ಬಳಿದ ಹಣತೆಗೆ ಅರಿಶಿನ ಹಚ್ಚಿದರೆ ಕೆಂಪಾಗುವುದೇಕೆ?

"ಕಾರವಾರದಲ್ಲಿದ್ದೇವೆ. ದೀಪಾವಳಿಗೆ ಹಣತೆಗೆ ಬಿಳಿ ಸುಣ್ಣ ಬಳಿದು, ಅದರ ಮೇಲೆ ಅರಿಶಿನ, ಬೀಟ್‌ರೂಟ್, ಪಾಲಕ್ ಬಣ್ಣ ಹಚ್ಚಿದೆವು. ಹಳದಿ ಕೆಂಪಾಯಿತು, ಬೀಟ್‌ರೂಟ್ ಮಾಸಲು ಹಳದಿಯಾಯಿತು. ಬಣ್ಣ ಇನ್ನೂ ಗಟ್ಟಿ ಮಾಡಬೇಕಿತ್ತಾ?"

ಬಣ್ಣ ಎಷ್ಟು ಗಟ್ಟಿ ಮಾಡಿದರೂ ಹೀಗೇ ಆಗುತ್ತಿತ್ತು. ಕೆಡಿಸಿದ್ದು ಸುಣ್ಣ. ಅರಿಶಿನಕ್ಕೆ ಸುಣ್ಣ ತಾಗಿದರೆ ಕೆಂಪಾಗುತ್ತದೆ, ಮನೆಯಲ್ಲಿ ಕುಂಕುಮ ಮಾಡುವುದೂ ಹಾಗೆಯೇ. ಬೀಟ್‌ರೂಟಿನ ಕೆಂಪು ಹುಳಿ ಇದ್ದಲ್ಲಿ ಉಳಿಯುತ್ತದೆ, ಸುಣ್ಣದ ಕ್ಷಾರಕ್ಕೆ ಒಡೆದು ಹಳದಿಯಾಗುತ್ತದೆ. ಮೇಲಿಂದ ಇನ್ನೊಂದು ಪದರ ಬಳಿದರೂ ಅದೇ ಗತಿ, ಏಕೆಂದರೆ ಒದ್ದೆ ಬಣ್ಣ ಕೆಳಗಿನ ಸುಣ್ಣವನ್ನು ಮತ್ತೆ ಕರಗಿಸಿ ಮೇಲೆಳೆಯುತ್ತದೆ.

ಬಿಳಿ ತಳ ಬೇಕೇ ಬೇಕೆಂದರೆ ಶಿರಸಿ ಕಡೆ ಗೋಡೆಗೆ ಹಸೆ ಚಿತ್ತಾರ ಬರೆಯುವ ಶೇಡಿ ಮಣ್ಣು ತನ್ನಿ. ಅಂಗಡಿಯ ಪೊಟ್ಟಣದಲ್ಲಿ ಸುಣ್ಣ ಬೆರೆತಿದೆಯೋ ಎಂದು ತಿಳಿಯಲು ಚಿಟಿಕೆ ಪುಡಿಯನ್ನು ಅರಿಶಿನ ನೀರಿಗೆ ಹಾಕಿ. ಕೆಂಪಾದರೆ ಬೇಡ.

ಅಂಟಿಗೆ ಅರ್ಧ ಲೋಟ ನೀರಿಗೆ ಒಂದು ಚಮಚ ಅಕ್ಕಿಹಿಟ್ಟು ಕಲಸಿ, ಗಂಜಿಯಾಗುವವರೆಗೆ ಕಾಯಿಸಿ ಆರಿಸಿ. ಎರಡು ಚಮಚ ಗಂಜಿಗೆ ಒಂದು ಚಮಚ ಅರಿಶಿನ ಪುಡಿ ಸಾಕು. ಅರಿಶಿನ ಬೆರೆಸದ ಗಂಜಿಯನ್ನು ಹಣತೆಯ ಒಳಬದಿಗೆ ಎರಡು ಸಲ ಬಳಿದು ಒಣಗಿಸಿ. ಹಣತೆಯ ಮಣ್ಣು ಎಣ್ಣೆ ಕುಡಿಯುತ್ತದೆ, ಅರಿಶಿನ ಎಣ್ಣೆಯಲ್ಲಿ ಕರಗುತ್ತದೆ. ಎಣ್ಣೆ ಹೊರಗೆ ಜಿನುಗಿದ ಕಡೆಯೆಲ್ಲ ಬಣ್ಣ ಹರಡಿ ಕಲೆಯಾಗುತ್ತದೆ. ಬತ್ತಿ ಕೂರುವ ತುದಿಯಿಂದ ಒಂದು ಬೆರಳು ಜಾಗಕ್ಕೆ ಬಣ್ಣ ಹಚ್ಚಬೇಡಿ.

ಹಣತೆಗೆ ಮೂರೂ ಬಣ್ಣ ಬೇಕೆನ್ನುವ ಹಟ ಬಿಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಅಲ್ಲಿ ಅರಿಶಿನ, ಶೇಡಿ, ಕೆಮ್ಮಣ್ಣು ಇದ್ದರೆ ಚೆನ್ನಾಗಿ ಕಾಣುತ್ತದೆ. ಬೀಟ್‌ರೂಟ್, ಪಾಲಕ್ ಬಿಸಿಗೆ ಬೇಗ ಕಂದುತ್ತವೆ. ಅವನ್ನು ಕಾಗದದ ತೋರಣ, ಗೂಡುದೀಪಕ್ಕೆ ಇಟ್ಟುಕೊಳ್ಳಿ.

ಬೀಟ್‌ರೂಟ್ ತುರಿದು ಬಟ್ಟೆಯಲ್ಲಿ ಹಿಂಡಿ, ನಾಲ್ಕಾರು ಹನಿ ನಿಂಬೆರಸ ಬೆರೆಸಿ. ಕುದಿಸಿ ಗಟ್ಟಿ ಮಾಡಲು ಹೋದರೆ ಕಂದುಬಣ್ಣ ಬರುತ್ತದೆ, ಅಗಲ ತಟ್ಟೆಯಲ್ಲಿ ನೆರಳಲ್ಲಿ ಇಂಗಿಸಿ. ಪಾಲಕ್‌ಗೆ ನೇರ ಉಲ್ಟಾ: ನಿಂಬೆ ತಾಗಿದರೆ ಹಸಿರು ಮಾಸಿ ಒಣಗಿದೆಲೆಯ ಬಣ್ಣವಾಗುತ್ತದೆ. ಎಲೆಯನ್ನು ಅರ್ಧ ನಿಮಿಷ ಬಿಸಿನೀರಲ್ಲಿ ಅದ್ದಿ, ತಣ್ಣೀರಿಗೆ ಹಾಕಿ, ರುಬ್ಬಿ ಸೋಸಿ, ಉಗುರ ತುದಿಯಷ್ಟು ಅಡುಗೆ ಸೋಡಾ ಹಾಕಿ.

ಆ ಸೋಡಾದ ಕಾರಣಕ್ಕೇ ಹಸಿರೂ ಹಳದಿಯೂ ಒದ್ದೆಯಾಗಿ ಸೇರಿದ ಅಂಚಿನಲ್ಲಿ ಸಣ್ಣ ಕೆಂಪು ಗೆರೆ ಮೂಡುತ್ತದೆ. ಒಂದು ಪೂರ್ತಿ ಒಣಗಿದ ಮೇಲೆ ಇನ್ನೊಂದು ಹಚ್ಚಿ, ನಡುವೆ ಎಳೆಯಷ್ಟು ಜಾಗ ಬಿಡಿ. ಕಾರವಾರದ ತೇವಕ್ಕೆ ಗಂಜಿ ಬಣ್ಣ ಮರುದಿನಕ್ಕೆ ಹುಳಿಯುತ್ತದೆ, ಹಾಗಾಗಿ ಆ ದಿನಕ್ಕೆ ಬೇಕಾದಷ್ಟೇ ಕಲಸಿ. ತೋರಣವನ್ನು ಬಿಸಿಲು ಬೀಳುವ ಜಗುಲಿಯಲ್ಲಿ ತೂಗಿದರೆ ಅರಿಶಿನವೂ ಬೀಟ್‌ರೂಟೂ ಕೆಲವೇ ದಿನಕ್ಕೆ ಮಂಕಾಗುತ್ತವೆ, ಒಳಗೋಡೆಗೆ ಕಟ್ಟಿ.