ಮಗುವಿನ ನೋವು ಮತ್ತು ದೇವರ ದಯೆ

ಪ್ರಶ್ನೆ: ದೇವರು ಒಳ್ಳೆಯವನೂ ಸರ್ವಶಕ್ತನೂ ಆಗಿದ್ದರೆ ಏನೂ ಅರಿಯದ ಮಕ್ಕಳಿಗೆ ಕ್ಯಾನ್ಸರ್ ಏಕೆ ಬರುತ್ತದೆ? ಬೇರೆ ಬೇರೆ ಧರ್ಮಗಳು ಇದಕ್ಕೆ ಏನು ಹೇಳುತ್ತವೆ?

ನಾನು ಉಡುಪಿಯ ಮಾಧ್ವ ಮನೆತನದವನಾದ್ದರಿಂದ ನನಗೆ ಪರಿಚಯವಿರುವ ಕಡೆಯಿಂದಲೇ ಆರಂಭಿಸುತ್ತೇನೆ. ವೇದಾಂತದ ಮೂಲಗ್ರಂಥವಾದ ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೊದಲ ಪಾದದಲ್ಲಿ ಈ ಆಕ್ಷೇಪ ನೇರವಾಗಿಯೇ ಬರುತ್ತದೆ: ಒಬ್ಬನಿಗೆ ಸುಖವನ್ನೂ ಇನ್ನೊಬ್ಬನಿಗೆ ದುಃಖವನ್ನೂ ಕೊಡುವ ದೇವರಿಗೆ ವೈಷಮ್ಯ, ಅಂದರೆ ಪಕ್ಷಪಾತ, ಮತ್ತು ನೈರ್ಘೃಣ್ಯ, ಅಂದರೆ ನಿರ್ದಯತೆ, ಎಂಬ ದೋಷಗಳು ಅಂಟುವುದಿಲ್ಲವೇ? ಜೀವರ ಕರ್ಮವನ್ನು ಅನುಸರಿಸಿಯೇ ಫಲ ಕೊಡುವುದರಿಂದ ಅಂಟುವುದಿಲ್ಲ ಎಂಬುದು ಸೂತ್ರದ ಉತ್ತರ. ಶಂಕರರು ಇಲ್ಲಿ ಮಳೆಯ ದೃಷ್ಟಾಂತ ಕೊಡುತ್ತಾರೆ. ಮಳೆ ಎಲ್ಲ ಬೀಜಗಳಿಗೂ ಒಂದೇ, ಬೆಳೆಯ ವ್ಯತ್ಯಾಸ ಬೀಜದ್ದು. ಆಟಿ ತಿಂಗಳ ಮಳೆ ಸಿಹಿ ಮಾವಿನ ಬುಡಕ್ಕೂ ಕಹಿ ಕಾಸರಕದ ಬುಡಕ್ಕೂ ಒಂದೇ ರೀತಿ ಸುರಿಯುವುದನ್ನು ಕಂಡ ನಮ್ಮ ಕಡೆಯವರಿಗೆ ಇದು ಬೇಗ ಅರ್ಥವಾಗುತ್ತದೆ.

ಮೊದಲ ಕರ್ಮ ಎಲ್ಲಿಂದ ಬಂತೆಂದು ಕೇಳಿದರೆ, ಹುಟ್ಟು ಸಾವುಗಳ ಈ ಸಂಸಾರಕ್ಕೆ ಆರಂಭವೇ ಇಲ್ಲವೆಂದು ಮುಂದಿನ ಸೂತ್ರ ಹೇಳುತ್ತದೆ. ಮಧ್ವಾಚಾರ್ಯರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಜೀವರು ನಿತ್ಯರು, ಪ್ರತಿಯೊಬ್ಬರ ಸ್ವಭಾವವೂ ಅನಾದಿ, ದೇವರು ಅದನ್ನು ಹೊರಗೆ ತರುತ್ತಾನೆಯೇ ಹೊರತು ಬದಲಿಸುವುದಿಲ್ಲ. ಆದರೆ ಕರ್ಮವೂ ಸ್ವಭಾವವೂ ದೇವರ ಅಧೀನವೆಂದೇ ಅವರು ಒಪ್ಪುವುದರಿಂದ, ಬದಲಿಸಬಲ್ಲವನು ಏಕೆ ಬದಲಿಸಲಿಲ್ಲ ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ. ಕೆಲವು ಜೀವರಿಗೆ ಮುಕ್ತಿಯ ಯೋಗ್ಯತೆಯೇ ಇಲ್ಲವೆಂಬ ಮಾತನ್ನೂ ಇದರ ಜೊತೆಗೆ ಒಪ್ಪಿಕೊಳ್ಳಬೇಕಾಗುತ್ತದೆ. ಈ ಮಾತು ನನ್ನನ್ನು ಇಂದಿಗೂ ಕಾಡುತ್ತದೆ.

ಕಾರ್ಕಳ, ಮೂಡುಬಿದಿರೆಯ ಜೈನರಿಗೆ ಈ ತೊಡಕಿಲ್ಲ, ಏಕೆಂದರೆ ಅವರ ಮತದಲ್ಲಿ ಸೃಷ್ಟಿಕರ್ತನೇ ಇಲ್ಲ. ದೇವರು ಎಲ್ಲವನ್ನೂ ಶೂನ್ಯದಿಂದ ಸೃಷ್ಟಿಸಿದನೆನ್ನುವ ಕ್ರೈಸ್ತ ಮತ್ತು ಇಸ್ಲಾಂ ಧರ್ಮಗಳಿಗೆ ಅನಾದಿ ಕರ್ಮದ ಉತ್ತರ ಒದಗುವುದಿಲ್ಲ. ಕೆಡುಕು ಸ್ವತಂತ್ರ ವಸ್ತುವಲ್ಲ, ಒಳಿತಿನ ಕೊರತೆ ಎಂದ ಸಂತ ಅಗಸ್ಟೀನ್ ಮನುಷ್ಯನ ಇಚ್ಛೆಯ ದುರುಪಯೋಗವನ್ನು ಕಾರಣವಾಗಿ ತೋರಿಸಿದರು; ಕುರ್‌ಆನ್ ನಷ್ಟ ನೋವುಗಳನ್ನು ಪರೀಕ್ಷೆಯೆಂದು ಕರೆದು, ತಾಳ್ಮೆಯಿಂದಿದ್ದವರಿಗೆ ಶುಭವಾರ್ತೆ ಹೇಳುತ್ತದೆ.

ನನ್ನ ಅಕ್ಕನ ನಾಲ್ಕು ವರ್ಷದ ಮಗಳು ರಕ್ತದ ಕ್ಯಾನ್ಸರಿನಿಂದ ಆಸ್ಪತ್ರೆಯಲ್ಲಿದ್ದಾಗ, ನೋಡಲು ಬಂದ ಬಂಧುವೊಬ್ಬರು "ಪೂರ್ವಜನ್ಮದ ಕರ್ಮ, ಏನು ಮಾಡುವುದು ಮಾರಾಯ್ತಿ" ಎಂದರು. ಮಗುವಿನ ತಲೆಗೆ ಟೊಪ್ಪಿ ಸರಿಪಡಿಸುತ್ತಿದ್ದ ಅಕ್ಕನ ಕೈ ಅಲ್ಲೇ ನಿಂತಿತು. ಸೂತ್ರ ಮಾತನಾಡುವುದು ದೇವರ ಮೇಲಿನ ಆರೋಪದ ಬಗ್ಗೆ. ಮಂಚದ ಮೇಲಿರುವವರ ಮೇಲೆ ತೀರ್ಪು ಕೊಡಲು ಅದನ್ನು ಬಳಸುವುದು ತಪ್ಪೆಂದು ನಾನು ದೃಢವಾಗಿ ನಂಬುತ್ತೇನೆ. ತಪ್ಪಿಲ್ಲದೆಯೂ ಎಲ್ಲವನ್ನೂ ಕಳೆದುಕೊಂಡು ನರಳುತ್ತಿದ್ದ ಬೈಬಲ್ಲಿನ ಯೋಬನ ಸ್ನೇಹಿತರು ಮಾಡಿದ್ದೂ ಇದನ್ನೇ: ಏಳು ಹಗಲು, ಏಳು ರಾತ್ರಿ ಅವನ ಪಕ್ಕದಲ್ಲಿ ಸುಮ್ಮನೆ ಕುಳಿತವರು, ಬಾಯಿ ತೆರೆದ ಮೇಲೆ ನೀನೇ ಪಾಪ ಮಾಡಿರಬೇಕೆಂದು ವಾದಿಸಿದರು. ಕೊನೆಯಲ್ಲಿ ದೇವರು ಸಿಟ್ಟಾಗುವುದು ತನ್ನನ್ನು ಪ್ರಶ್ನಿಸಿದ ಯೋಬನ ಮೇಲಲ್ಲ, ತನ್ನ ಪರವಾಗಿ ವಾದಿಸಿದ ಆ ಸ್ನೇಹಿತರ ಮೇಲೆ.